ಚಕ್ರ ತಿರುಗುತ್ತಿದೆ, ಎಂಟು ಡಿಗ್ರಿ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮ ಒಣಗಿಸುವ ಕೋಣೆಯಿಂದ 120 ಡಿಗ್ರಿಯ ಬಿಸಿಗಾಳಿ ಹೊರಗೆ ಹೋಗುತ್ತದೆ. ಅದರ ಶಾಖವನ್ನು ಹಿಡಿದು 30 ಡಿಗ್ರಿಯ ತಾಜಾ ಗಾಳಿಗೆ ಕೊಡಲು ಅಲ್ಯೂಮಿನಿಯಂ ಹಾಳೆಯ ತಿರುಗುವ ಚಕ್ರ ಹಾಕಿದ್ದೇವೆ. ವ್ಯಾಸ 1.6 ಮೀಟರ್, ದಪ್ಪ 20 ಸೆಂಟಿಮೀಟರ್, ಹಾಳೆ 0.07 ಮಿಲಿಮೀಟರ್, ಗಾಳಿ ಹೋಗುವ ಕಿಂಡಿಗಳು ಸುಮಾರು 1.6 ಮಿಲಿಮೀಟರ್. ನಿಮಿಷಕ್ಕೆ 10 ಸುತ್ತು. ಫ್ಯಾನಿನ ಫಲಕದ ಪ್ರಕಾರ ಬಿಸಿಗಾಳಿ ಸೆಕೆಂಡಿಗೆ 3 ಕಿಲೋ, ತಾಜಾ ಗಾಳಿ 2.7 ಕಿಲೋ. ತಯಾರಕರ ಹಾಳೆಯಲ್ಲಿ ಪರಿಣಾಮಕಾರಿತ್ವ 80% ಎಂದಿದೆ. ಹಾಗಾದರೆ ತಾಜಾ ಗಾಳಿ 102 ಡಿಗ್ರಿಗೆ ಬರಬೇಕಲ್ಲವೇ? ನಾಳಕ್ಕೆ ಚುಚ್ಚಿರುವ ಥರ್ಮಾಮೀಟರ್ 94 ತೋರಿಸುತ್ತಿದೆ. ಲೆಕ್ಕ ತಪ್ಪೇ, ಚಕ್ರ ಕೆಟ್ಟಿದೆಯೇ? ವೇಗ ಹೆಚ್ಚಿಸಿದರೆ ಸರಿಹೋದೀತೇ?

ಉತ್ತರ: ವೇಗಕ್ಕೆ ಕೈ ಹಾಕಬೇಡಿ. ಅದರಿಂದ ನಿಮಗೆ ಅರ್ಧ ಡಿಗ್ರಿಯೂ ಸಿಗುವುದಿಲ್ಲ, ಬದಲಿಗೆ ಇನ್ನೊಂದು ತೊಂದರೆ ಹೆಚ್ಚುತ್ತದೆ. ಏಕೆಂದು ಮುಂದೆ ಹೇಳುತ್ತೇನೆ. ತಯಾರಕರ 80% ಅನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಚಕ್ರದ ಅಳತೆಗಳನ್ನು ನೀವೇ ಕೊಟ್ಟಿರುವುದರಿಂದ ಬುಡದಿಂದಲೇ ಲೆಕ್ಕ ಹಾಕಬಹುದು. ಆಗ ಆ ಎಂಟು ಡಿಗ್ರಿಯಲ್ಲಿ ಎಷ್ಟು ನಿಜವಾದ ಕೊರತೆ, ಎಷ್ಟು ಅಳತೆಯ ಮೋಸ ಎಂಬುದು ಬೇರೆಯಾಗುತ್ತದೆ.

ಮೊದಲು ಎರಡು ಗಾಳಿಗಳಲ್ಲಿ ಯಾವುದು ದುರ್ಬಲ ಎಂದು ನೋಡಬೇಕು. ಗಾಳಿಯ ಹರಿವನ್ನು ಅದರ ವಿಶಿಷ್ಟೋಷ್ಣದಿಂದ ಗುಣಿಸಿದರೆ ಸಿಗುವ ಸಂಖ್ಯೆಯೇ ಉಷ್ಣಧಾರಣಾ ದರ: ಆ ಗಾಳಿಯನ್ನು ಒಂದು ಡಿಗ್ರಿ ಏರಿಸಲು ಅಥವಾ ಇಳಿಸಲು ಬೇಕಾದ ಕಿಲೋವ್ಯಾಟ್. ಗಾಳಿಯ ವಿಶಿಷ್ಟೋಷ್ಣವನ್ನು 1.01 ಎಂದು ಹಿಡಿದರೆ ಬಿಸಿಗಾಳಿಗೆ 3.03, ತಾಜಾ ಗಾಳಿಗೆ 2.73 ಬರುತ್ತದೆ. ಒಣಗಿಸುವ ಕೋಣೆಯ ಗಾಳಿಯಲ್ಲಿ ತೇವ ಇರುವುದರಿಂದ ಬಿಸಿಗಾಳಿಯ ಅಂಕಿ ಇನ್ನು ಎರಡು ಮೂರು ಶೇಕಡಾ ಮೇಲಿರಬಹುದು. ಇಲ್ಲಿ ಅದನ್ನು ಬಿಟ್ಟಿದ್ದೇನೆ. ಚಿಕ್ಕದು ತಾಜಾ ಗಾಳಿಯದು, ಅಂದರೆ 2.73. ಚಿಕ್ಕದನ್ನು ದೊಡ್ಡದರಿಂದ ಭಾಗಿಸಿದರೆ 0.90.

ಚಿಕ್ಕದನ್ನು ಗುರುತಿಸುವುದಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಪರಿಣಾಮಕಾರಿತ್ವ ಎಂದರೆ ನಿಜವಾಗಿ ದಾಟಿದ ಶಾಖವನ್ನು ದಾಟಬಹುದಾಗಿದ್ದ ಗರಿಷ್ಠ ಶಾಖದಿಂದ ಭಾಗಿಸಿದ್ದು. ಆ ಗರಿಷ್ಠ ಮಿತಿಯನ್ನು ನಿರ್ಧರಿಸುವುದು ದುರ್ಬಲ ಗಾಳಿ, ಏಕೆಂದರೆ ಇನ್ನೊಂದು ಕೊನೆಯ ತಾಪವನ್ನು ಮೊದಲು ಮುಟ್ಟಬಲ್ಲದ್ದು ಅದೇ. ಕೆಳಗಿನ ಸಾಲುಗಳಲ್ಲಿ Q ದಾಟಿದ ಶಾಖ, ε ಪರಿಣಾಮಕಾರಿತ್ವ, C ಧಾರಣಾ ದರ, Cmin ಅದರಲ್ಲಿ ಚಿಕ್ಕದು, T ತಾಪ. h ಎಂದರೆ ಬಿಸಿಗಾಳಿ, c ಎಂದರೆ ತಾಜಾ ಗಾಳಿ, in ಚಕ್ರಕ್ಕೆ ಬರುವಾಗ, out ಚಕ್ರದಿಂದ ಹೋಗುವಾಗ.

```
Q  = ε · Cmin · (Th,in − Tc,in)
Tc,out = Tc,in + Q / Cc
Th,out = Th,in − Q / Ch
```

ನೀವು 80%ನ್ನು ನೇರವಾಗಿ 90 ಡಿಗ್ರಿಯಿಂದ ಗುಣಿಸಿ 30ಕ್ಕೆ ಕೂಡಿಸಿದ್ದೀರಿ. ತಾಜಾ ಗಾಳಿಯೇ ಚಿಕ್ಕದಾಗಿರುವಾಗ ಮಾತ್ರ ಹಾಗೆ ಮಾಡಬಹುದು. ನೀವು ಕೊಟ್ಟ ಹರಿವು ನಿಜವಾಗಿದ್ದರೆ ಆ ಹೆಜ್ಜೆ ಸರಿ. ಆ 'ನಿಜವಾಗಿದ್ದರೆ' ಎಂಬ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಚಕ್ರದ ಒಡಲು. ಸಾದಾ ಹಾಳೆಯೊಂದು, ಅಲೆಅಲೆಯಾದ ಹಾಳೆಯೊಂದು ಹೀಗೆ ಜೋಡಿಯಾಗಿ ಸುರುಳಿ ಸುತ್ತಿದ್ದರಿಂದ ಸಾವಿರಾರು ಸಣ್ಣ ಕಿಂಡಿಗಳಾಗಿವೆ. ನಿಮ್ಮ ಅಳತೆಗೆ ಒಂದು ಘನ ಮೀಟರ್ ಒಡಲಿನಲ್ಲಿ ಸುಮಾರು 2300 ಚದರ ಮೀಟರ್ ಮೇಲ್ಮೈ ಸಿಗುತ್ತದೆ. ಜಾಗದಲ್ಲಿ 92% ಗಾಳಿ, 8% ಲೋಹ. ನಡುವೆ ಅಚ್ಚು ಕೂರುವ ಗುಂಭ 20 ಸೆಂಟಿಮೀಟರ್ ಎಂದು ಕಳೆದರೆ ಚಕ್ರದ ಮುಖ 1.98 ಚದರ ಮೀಟರ್. ನಡುವಿನ ಸೀಲು ಪಟ್ಟಿ ಮುಚ್ಚುವ ಭಾಗವನ್ನು ಬಿಟ್ಟು ಒಂದೊಂದು ಗಾಳಿಗೆ 0.9 ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಅದನ್ನು 0.2 ಮೀಟರ್ ದಪ್ಪ ಮತ್ತು 2300ರಿಂದ ಗುಣಿಸಿದರೆ ಪ್ರತಿ ಬದಿಗೆ 414 ಚದರ ಮೀಟರ್.

ಕಿಂಡಿಯೊಳಗೆ ಗಾಳಿ ಹೇಗೆ ಹರಿಯುತ್ತದೆ? ಬಿಸಿಗಾಳಿಯ ಸರಾಸರಿ ತಾಪದಲ್ಲಿ ಕಿಂಡಿಯ ವೇಗ ಸೆಕೆಂಡಿಗೆ ಸುಮಾರು 3.7 ಮೀಟರ್, ಹರಿವು ನಯವೋ ಸುಳಿಯೋ ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆ 270ರ ಆಸುಪಾಸು. ಅಂದರೆ ಸುಳಿಗಳಿಲ್ಲದ ಪದರಹರಿವು. ಗಾಳಿಗೂ ಗೋಡೆಗೂ ನಡುವೆ ಶಾಖ ಎಷ್ಟು ಸಲೀಸಾಗಿ ದಾಟುತ್ತದೆ ಎಂಬುದನ್ನು ಸೂಚಿಸುವ ನುಸೆಲ್ಟ್ ಸಂಖ್ಯೆ ಇಂಥ ತ್ರಿಕೋನದಂಥ ಕಿಂಡಿಗೆ ಸುಮಾರು 2.5. ಗಾಳಿಯ ಉಷ್ಣವಾಹಕತೆ 0.030 ಎಂದು ಹಿಡಿದರೆ ಶಾಖ ವರ್ಗಾವಣೆಯ ಗುಣಾಂಕ ಚದರ ಮೀಟರಿಗೆ, ಡಿಗ್ರಿಗೆ 47 ವ್ಯಾಟ್. ಪದರಹರಿವಿನಲ್ಲಿ ಈ 47 ಗಾಳಿಯ ವೇಗವನ್ನು ಹೆಚ್ಚುಕಡಿಮೆ ಅವಲಂಬಿಸುವುದಿಲ್ಲ. ಈ ಸಂಗತಿ ಮುಂದೆ ದೋಷ ಹುಡುಕುವಾಗ ಬಹಳ ಉಪಯೋಗಕ್ಕೆ ಬರುತ್ತದೆ, ನೆನಪಿರಲಿ.

ಪ್ರತಿ ಬದಿಗೆ 47ನ್ನು 414ರಿಂದ ಗುಣಿಸಿದರೆ ಡಿಗ್ರಿಗೆ 19.5 ಕಿಲೋವ್ಯಾಟ್. ಶಾಖ ಬಿಸಿಗಾಳಿಯಿಂದ ಲೋಹಕ್ಕೆ, ಲೋಹದಿಂದ ತಾಜಾ ಗಾಳಿಗೆ ಎರಡು ಹಂತ ದಾಟಬೇಕು. ಎರಡೂ ಹಂತ ಸಮಾನವಾದ್ದರಿಂದ ಒಟ್ಟು ಸಾಮರ್ಥ್ಯ ಅದರ ಅರ್ಧ, ಅಂದರೆ 9.73. ಇದನ್ನು ಚಿಕ್ಕ ಧಾರಣಾ ದರ 2.73ರಿಂದ ಭಾಗಿಸಿದರೆ 3.56. ಇದೇ ಎನ್‌ಟಿಯು. ಹರಿವಿಗೆ ಹೋಲಿಸಿದರೆ ಶಾಖ ದಾಟುವ ಸೌಲಭ್ಯ ಎಷ್ಟು ಧಾರಾಳವಾಗಿದೆ ಎಂಬುದರ ಅಳತೆ ಅದು.

ಚಕ್ರ ಬಹಳ ವೇಗವಾಗಿ ತಿರುಗುತ್ತಿದೆ ಎಂದು ಕಲ್ಪಿಸಿಕೊಂಡರೆ ಅದು ಸರಿಯಾಗಿ ಒಂದು ಎದುರುಹರಿವಿನ ಶಾಖ ವಿನಿಮಯಕದಂತೆ, ಅಂದರೆ ಎರಡು ಗಾಳಿಗಳು ಗೋಡೆಯ ಎರಡು ಬದಿಗೆ ಎದುರುಬದುರಾಗಿ ಹರಿಯುವ ಯಂತ್ರದಂತೆ ವರ್ತಿಸುತ್ತದೆ. ನಿಜವಾದ ವೇಗಕ್ಕೆ ಬೇಕಾದ ಕಡಿತವನ್ನು ಅದರ ಮೇಲೆ ಹಾಕುತ್ತೇವೆ. ಇಲ್ಲಿ NTU ಎಂದರೆ ಎನ್‌ಟಿಯು, C* ಮೇಲೆ ಬಂದ 0.90ರ ಅನುಪಾತ, εcf ಎದುರುಹರಿವಿನ ಪರಿಣಾಮಕಾರಿತ್ವ, Cr* ಚಕ್ರದ ಧಾರಣಾ ದರ ಚಿಕ್ಕ ಗಾಳಿಯ ದರಕ್ಕೆ ಎಷ್ಟು ಪಟ್ಟು ಎಂಬುದು.

```
εcf = [1 − exp(−NTU(1−C*))] / [1 − C*·exp(−NTU(1−C*))]
ε   = εcf · [1 − 1 / (9·(Cr*)^1.93)]
```

ಮೊದಲ ಸಾಲಿಗೆ ನಿಮ್ಮ ಅಂಕಿಗಳನ್ನು ಹಾಕಿ: 3.56ನ್ನು 0.1ರಿಂದ ಗುಣಿಸಿದರೆ 0.356. e ಸಂಖ್ಯೆಯ −0.356ನೇ ಘಾತ 0.70. ಮೇಲೆ 0.30, ಕೆಳಗೆ 0.37. ಉತ್ತರ 0.81. ಎರಡು ಹರಿವುಗಳೂ ಸಮಾನವಾಗಿದ್ದರೆ ಈ ಸೂತ್ರ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸು ಎನ್ನುತ್ತದೆ. ಆಗ ಎನ್‌ಟಿಯುವನ್ನು ಅದಕ್ಕೆ ಒಂದು ಕೂಡಿಸಿದ ಸಂಖ್ಯೆಯಿಂದ ಭಾಗಿಸಿದರೆ ಸಾಕು. ಕಂಪ್ಯೂಟರ್ ಹಾಳೆಯಲ್ಲಿ ಲೆಕ್ಕ ಮಾಡುವವರು ಇಲ್ಲಿ ಎಡವುವುದುಂಟು.

ಎರಡನೇ ಸಾಲಿನಲ್ಲಿ ಚಕ್ರದ ತಿರುಗಾಟ ಬರುತ್ತದೆ. ಲೋಹ ಇಲ್ಲಿ ಹಮಾಲಿ: ಬಿಸಿಗಾಳಿಯ ಬದಿಯಲ್ಲಿ ಶಾಖ ಹೊತ್ತು, ತಾಜಾ ಗಾಳಿಯ ಬದಿಯಲ್ಲಿ ಇಳಿಸುತ್ತದೆ. ಸೆಕೆಂಡಿಗೆ ಎಷ್ಟು ಹೊರಬಲ್ಲದು ಎಂಬುದೇ ಚಕ್ರದ ಧಾರಣಾ ದರ. ನಿಮ್ಮ ಒಡಲಿನ ಗಾತ್ರ 0.396 ಘನ ಮೀಟರ್. ಅದರ 8% ಅಲ್ಯೂಮಿನಿಯಂ, ತೂಕ ಸುಮಾರು 85 ಕಿಲೋ. ಕಿಲೋಗೆ 0.9 ಕಿಲೋಜೂಲ್‌ನಂತೆ ಇಡೀ ಚಕ್ರವನ್ನು ಒಂದು ಡಿಗ್ರಿ ಏರಿಸಲು 77 ಕಿಲೋಜೂಲ್ ಬೇಕು. ನಿಮಿಷಕ್ಕೆ 10 ಸುತ್ತೆಂದರೆ ಸೆಕೆಂಡಿಗೆ ಆರನೇ ಒಂದು ಸುತ್ತು. ಆದ್ದರಿಂದ ಚಕ್ರದ ಧಾರಣಾ ದರ 12.8, ಚಿಕ್ಕ ಗಾಳಿಯ ದರಕ್ಕೆ 4.7 ಪಟ್ಟು.

ಈ 4.7ನ್ನು ಸೂತ್ರಕ್ಕೆ ಹಾಕಿದರೆ ಕಡಿತ ಬರುವುದು 0.56% ಮಾತ್ರ. ಪರಿಣಾಮಕಾರಿತ್ವ 0.810ರಿಂದ 0.806ಕ್ಕೆ ಇಳಿಯುತ್ತದೆ. ಇಪ್ಪತ್ತು ಸುತ್ತು ಮಾಡಿದರೂ 0.809 ದಾಟುವುದಿಲ್ಲ, ಅಂದರೆ ತಾಜಾ ಗಾಳಿಗೆ ಕಾಲು ಡಿಗ್ರಿಯಷ್ಟು ಲಾಭ. ಕೆಳಗಿಳಿದರೆ ಚಿತ್ರ ಬೇರೆ. ಐದು ಸುತ್ತಿನಲ್ಲಿ 0.793, ಇನ್ನೂ ಚಿಂತೆಯಿಲ್ಲ. ಎರಡು ಸುತ್ತಿನಲ್ಲಿ 0.71. ಒಂದು ಸುತ್ತಿನಲ್ಲಿ 0.42ಕ್ಕೆ ಬೀಳುತ್ತದೆ. ಅಷ್ಟು ನಿಧಾನಕ್ಕೆ ಹಮಾಲಿಯ ಹೊರೆ ಮುಂಚೆಯೇ ತುಂಬಿರುತ್ತದೆ, ಹಿಂದೆ ಬರುವ ಬಿಸಿಗಾಳಿ ಏನೂ ಕೊಡದೆ ಹೊರಗೆ ಹೋಗುತ್ತದೆ. ಚಕ್ರದ ದರ ಚಿಕ್ಕ ಗಾಳಿಯ ದರದ 0.4 ಪಟ್ಟಿಗಿಂತ ಕೆಳಗಿಳಿದರೆ ಈ ಸೂತ್ರವನ್ನೇ ನಂಬಬೇಡಿ.

ಸುತ್ತುಗಳ ಸಂಖ್ಯೆಯನ್ನು ಮಾತ್ರ ನೋಡಿ ಚಕ್ರ ನಿಧಾನ, ಚಕ್ರ ವೇಗ ಎನ್ನುವುದರಲ್ಲಿ ಅರ್ಥವಿಲ್ಲ. ಸ್ವೀಡನ್ನಿನ ಫ್ರೆಡ್ರಿಕ್ ಲ್ಯುಂಗ್‌ಸ್ಟ್ರೋಮ್ 1920ರ ಸುಮಾರಿಗೆ ಉಗಿ ಬಾಯ್ಲರುಗಳಿಗಾಗಿ ರೂಪಿಸಿದ ತಿರುಗುವ ಗಾಳಿಕಾಯಿಸುವ ಯಂತ್ರ ಇವತ್ತಿಗೂ ವಿದ್ಯುತ್ ಸ್ಥಾವರಗಳಲ್ಲಿ ನಿಮಿಷಕ್ಕೆ ಒಂದೆರಡು ಸುತ್ತಿನಲ್ಲೇ ಕೆಲಸ ಮಾಡುತ್ತದೆ. ಅದರೊಳಗಿನ ಉಕ್ಕಿನ ತಗಡುಗಳ ಭಾರ ಅಷ್ಟಿರುವುದರಿಂದ ನಿಧಾನವೇ ಸಾಕು. ನಿಮ್ಮದು 85 ಕಿಲೋ ಅಲ್ಯೂಮಿನಿಯಂ, ಅದಕ್ಕೆ ಹತ್ತು ಸುತ್ತು ಬೇಕು.

ಲೆಕ್ಕ ಇಲ್ಲಿಗೇ ನಿಲ್ಲಿಸಿದರೆ ತಾಜಾ ಗಾಳಿ 102.5 ಡಿಗ್ರಿ. ತಯಾರಕರ 80%ಗೆ ಚೆನ್ನಾಗಿ ಹೊಂದುತ್ತದೆ. ಅನೇಕರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಆದರೆ ನಿಮ್ಮ ಚಕ್ರ ಅಲ್ಯೂಮಿನಿಯಮ್ಮಿನದು, ಬರೀ 20 ಸೆಂಟಿಮೀಟರ್ ದಪ್ಪ. ಅದರ ಬಿಸಿ ಮುಖ ಸರಾಸರಿ 110 ಡಿಗ್ರಿಯ ಹತ್ತಿರ, ತಂಪು ಮುಖ 40ರ ಹತ್ತಿರ. ಶಾಖ ಹಾಳೆಯ ಉದ್ದಕ್ಕೆ ಲೋಹದೊಳಗೇ ಹರಿದು ತಂಪು ಮುಖಕ್ಕೆ ಬಂದುಬಿಡುತ್ತದೆ. ಎದುರುಹರಿವಿನಿಂದ ಗಳಿಸಿದ ತಾಪದ ಇಳಿಜಾರನ್ನು ಅದು ಒಳಗಿನಿಂದಲೇ ಸವೆಸುತ್ತದೆ.

ಎಷ್ಟು? ಲೋಹದ ಅಡ್ಡಕೊಯ್ತ 1.98ರ 8%, ಅಂದರೆ 0.158 ಚದರ ಮೀಟರ್. ವಾಹಕತೆ 205ರಿಂದ ಗುಣಿಸಿ 0.2 ಮೀಟರಿನಿಂದ ಭಾಗಿಸಿದರೆ ಡಿಗ್ರಿಗೆ 162 ವ್ಯಾಟ್. ಚಿಕ್ಕ ದರ 2730 ವ್ಯಾಟ್‌ಗೆ ಹೋಲಿಸಿದರೆ 0.059. ಈ ಅನುಪಾತಕ್ಕೂ 3.56ರ ಎನ್‌ಟಿಯುವಿಗೂ ಬರುವ ತಿದ್ದುಪಡಿಯ ಗುಣಕ 0.96. ಪರಿಣಾಮಕಾರಿತ್ವ 0.806ರಿಂದ 0.775ಕ್ಕೆ ಇಳಿಯಿತು. ನೀವು ಚಿಂತಿಸುತ್ತಿರುವ ತಿರುಗುವೇಗದ ಕಡಿತಕ್ಕಿಂತ ಇದು ಆರೇಳು ಪಟ್ಟು ದೊಡ್ಡದು! ಇದೇ ಹಾಳೆ ಸ್ಟೇನ್‌ಲೆಸ್ ಉಕ್ಕಿನದಾಗಿದ್ದರೆ ವಾಹಕತೆ 16ರ ಸುಮಾರು, ನಷ್ಟ ಮೂರು ಶೇಕಡಾ ಅಂಶದ ಬದಲು 0.3 ಅಂಶ. ಉಕ್ಕಿನ ಚಕ್ರ ಮೂರು ಪಟ್ಟು ಭಾರವಾಗಿ ಬೇರಿಂಗು, ಬೆಲ್ಟು ಎಲ್ಲವನ್ನೂ ದೊಡ್ಡದು ಮಾಡಬೇಕಾಗುತ್ತದೆ, ಅದು ಬೇರೆ ಮಾತು. ಆದರೆ ಶಾಖವನ್ನು ಚೆನ್ನಾಗಿ ಸಾಗಿಸುವ ಲೋಹವೇ ಇಂಥ ಚಕ್ರಕ್ಕೆ ಒಳ್ಳೆಯದು ಎಂಬ ನಂಬಿಕೆ ಇದ್ದರೆ ಬಿಟ್ಟುಬಿಡಿ. ಹಾಳೆ 0.07 ಮಿಲಿಮೀಟರ್ ಇರುವಾಗ ಅದರ ದಪ್ಪದಲ್ಲಿ ಶಾಖ ದಾಟಲು ಯಾವ ಲೋಹವೂ ತಡೆಯಾಗುವುದಿಲ್ಲ, ಉದ್ದದಲ್ಲಿ ದಾಟುವುದು ಮಾತ್ರ ನಷ್ಟ.

ಹಾಗಾದರೆ ಕೊನೆಯ ಲೆಕ್ಕ ಹೀಗಿದೆ.

```
Q      = 0.775 × 2.73 × 90 ≈ 190 kW
Tc,out = 30 + 190/2.73  ≈ 100 °C
Th,out = 120 − 190/3.03 ≈ 57 °C
```

ಸೀಲುಗಳಲ್ಲಿ ಸೋರಿಕೆ ಇಲ್ಲದೆ, ಧೂಳು ಹಿಡಿಯದೆ, ಹರಿವು ನೀವು ಹೇಳಿದಂತೆಯೇ ಇದ್ದರೆ ತಾಜಾ ಗಾಳಿ 100 ಡಿಗ್ರಿಗೆ ಬರಬೇಕು. ನಿಮ್ಮ ಎಂಟು ಡಿಗ್ರಿಯಲ್ಲಿ ಎರಡು ಹೀಗೆ ತೀರಿತು. ಉಳಿದದ್ದು ಆರು.

ಆ ಆರು ಡಿಗ್ರಿಗೆ ನಾನು ಮೊದಲು ಅನುಮಾನಿಸುವುದು ನಿಮ್ಮ ಒಂಟಿ ಥರ್ಮಾಮೀಟರನ್ನು. ತಿರುಗುವ ಚಕ್ರದಿಂದ ಹೊರಬರುವ ಗಾಳಿ ಎಲ್ಲ ಕಡೆ ಒಂದೇ ಬಿಸಿಯಲ್ಲಿರುವುದಿಲ್ಲ. ಬಿಸಿಗಾಳಿಯ ಬದಿಯಿಂದ ಈಗಷ್ಟೇ ದಾಟಿ ಬಂದ ಲೋಹ ಅತಿ ಬಿಸಿಯಾಗಿರುತ್ತದೆ. ಅರ್ಧ ಸುತ್ತು ಮುಗಿಸಿ ಮತ್ತೆ ಬಿಸಿ ಬದಿಗೆ ಹೊರಟ ಲೋಹ ಶಾಖವನ್ನೆಲ್ಲ ಕೊಟ್ಟು ತಣ್ಣಗಾಗಿರುತ್ತದೆ. ಲೋಹ ಒಂದು ಸುತ್ತಿನಲ್ಲಿ ಸರಾಸರಿ ಎಷ್ಟು ಏರಿಳಿಯುತ್ತದೆ ಎಂಬುದು ಸುಲಭದ ಭಾಗಾಕಾರ: 190 ಕಿಲೋವ್ಯಾಟನ್ನು ಚಕ್ರದ ದರ 12.8ರಿಂದ ಭಾಗಿಸಿದರೆ 15 ಡಿಗ್ರಿ. ಹೊರಬರುವ ಗಾಳಿಯೂ ಹೆಚ್ಚುಕಡಿಮೆ ಅದನ್ನೇ ಹಿಂಬಾಲಿಸುತ್ತದೆ. ಸರಾಸರಿ 100 ಇದ್ದರೆ ಒಂದು ಅಂಚಿನಲ್ಲಿ 107ರ ಸುಮಾರು, ಇನ್ನೊಂದು ಅಂಚಿನಲ್ಲಿ 93ರ ಸುಮಾರು. ನಿಮ್ಮ ತೂತು ಚಕ್ರಕ್ಕೆ ಹತ್ತಿರವಿದ್ದು, ಲೋಹ ಬದಿ ಬಿಡುವ ಅಂಚಿನ ಕಡೆ ಇದ್ದರೆ 94 ತೋರಿಸುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಪರೀಕ್ಷೆ ಸರಳ. ಉದ್ದದ ತಂತಿಯ ಥರ್ಮೋಕಪಲ್ ಒಂದನ್ನು ಚಕ್ರದ ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದು, ಲೋಹ ಬರುವ ಅಂಚಿನಿಂದ ಹೋಗುವ ಅಂಚಿಗೆ ನಿಧಾನವಾಗಿ ಸರಿಸಿ. ಓದು ಹಂತಹಂತವಾಗಿ ಇಳಿಯುತ್ತಾ ಹೋದರೆ ಚಕ್ರ ಆರೋಗ್ಯವಾಗಿದೆ. ಇಳಿತ 15ರ ಬದಲು 30 ಡಿಗ್ರಿ ಇದ್ದರೆ ಚಕ್ರ ಅರ್ಧ ವೇಗದಲ್ಲಿ ತಿರುಗುತ್ತಿದೆ. ನಡುವೆ ಎಲ್ಲೋ ಒಂದು ಕಡೆ ತಟ್ಟನೆ ಬಿದ್ದು ಮತ್ತೆ ಏರಿದರೆ ಅಲ್ಲಿ ಕಟ್ಟಿಕೊಂಡ ಕಿಂಡಿಯೋ ಹರಿದ ಸೀಲೋ ಇರಬಹುದು. ನಿಜವಾದ ಸರಾಸರಿ ಬೇಕೆಂದರೆ ಎರಡು ತಿರುವು ದಾಟಿ, ಗಾಳಿ ಬೆರೆತ ಮೇಲೆ ನಾಳದ ಅಡ್ಡಕ್ಕೆ ಹಲವು ಕಡೆ ಅಳೆಯಿರಿ.

ಎರಡನೇ ಅನುಮಾನ ಹರಿವಿನ ಮೇಲೆ. ಫ್ಯಾನು ಗಾಳಿಯನ್ನು ಗಾತ್ರದಲ್ಲಿ ತಳ್ಳುತ್ತದೆ, ತೂಕದಲ್ಲಿ ಅಲ್ಲ. ಫಲಕದಲ್ಲಿ ಘನ ಮೀಟರ್ ಇದ್ದು, ಅದನ್ನು ಯಾರೋ 1.2ರಿಂದ ಗುಣಿಸಿ 3 ಕಿಲೋ ಎಂದು ಬರೆದಿದ್ದರೆ ಗಾತ್ರ ಸೆಕೆಂಡಿಗೆ 2.5 ಘನ ಮೀಟರ್ ಎಂದಾಯಿತು. ಆ ಫ್ಯಾನು ಚಕ್ರದ ನಂತರ, 57 ಡಿಗ್ರಿಯ ಗಾಳಿಯಲ್ಲಿದ್ದರೆ ಸಾಂದ್ರತೆ 1.07, ಹರಿವು 2.67 ಕಿಲೋ. ಚಕ್ರಕ್ಕೆ ಮುಂಚೆ, 120 ಡಿಗ್ರಿಯ ಗಾಳಿಯಲ್ಲಿದ್ದರೆ ಸಾಂದ್ರತೆ 0.9, ಹರಿವು 2.25 ಕಿಲೋ ಮಾತ್ರ. ಆ ಎರಡನೇ ಸಂದರ್ಭದಲ್ಲಿ ದುರ್ಬಲ ಗಾಳಿ ಯಾವುದು ಎಂಬುದೇ ಬದಲಾಯಿತು. ಬಿಸಿಗಾಳಿಯ ದರ 2.27ಕ್ಕೆ ಇಳಿದು ಅದೇ ಚಿಕ್ಕದಾಗುತ್ತದೆ. ಇಡೀ ಲೆಕ್ಕವನ್ನು ಮತ್ತೆ ಓಡಿಸಿದರೆ ಪರಿಣಾಮಕಾರಿತ್ವ 0.82ಕ್ಕೆ ಏರುತ್ತದೆ, ತಾಜಾ ಗಾಳಿ ಮಾತ್ರ 91 ಡಿಗ್ರಿಗೆ ಇಳಿಯುತ್ತದೆ! ಪರಿಣಾಮಕಾರಿತ್ವ ಹೆಚ್ಚಾಗಿ ತಾಪ ಕಡಿಮೆಯಾಗುವುದು ವಿಚಿತ್ರವೆನಿಸಬಹುದು. ದಾಟುವ ಶಾಖ 167 ಕಿಲೋವ್ಯಾಟ್‌ಗೆ ಇಳಿದಿದೆ, ಅದನ್ನು 2.73 ದರದ ತಾಜಾ ಗಾಳಿ ಹಂಚಿಕೊಳ್ಳಬೇಕು, ಅಷ್ಟೇ. ಇಲ್ಲಿ 82%ನ್ನು ನೇರ 90ರಿಂದ ಗುಣಿಸಿದವರು 104 ಡಿಗ್ರಿ ಬರಬೇಕೆಂದು ಕಾಯುತ್ತಾ ಕೂರುತ್ತಾರೆ.

ಆದ್ದರಿಂದ ಫ್ಯಾನು ಎಲ್ಲಿದೆ ನೋಡಿ, ಗಾಳಿಯ ವೇಗ ಅಳೆಯುವ ಪಿಟೋ ನಳಿಗೆಯಿಂದ ಎರಡೂ ನಾಳಗಳ ಹರಿವನ್ನು ಅಳೆಯಿರಿ. ಆಮೇಲೆ ಎರಡು ಬದಿಯ ಶಾಖವನ್ನು ತಾಳೆ ಹಾಕಿ: ತಾಜಾ ಗಾಳಿ ಪಡೆದದ್ದು, ಬಿಸಿಗಾಳಿ ಕಳೆದುಕೊಂಡದ್ದು. ಐದಾರು ಶೇಕಡಾ ವ್ಯತ್ಯಾಸವಿದ್ದರೆ ಅಳತೆಯ ದೋಷವೆಂದು ಬಿಡಬಹುದು. ಅದಕ್ಕಿಂತ ಹೆಚ್ಚಾದರೆ ಸೋರಿಕೆ ಇದೆ. ಸೋರಿಕೆಯ ಒಂದು ಕುಟಿಲತೆಯನ್ನು ಹೇಳಲೇಬೇಕು. ತಂಪು ಮುಖದ ಸೀಲಿನಲ್ಲಿ 30 ಡಿಗ್ರಿಯ ತಾಜಾ ಗಾಳಿ ಸೆಕೆಂಡಿಗೆ 0.3 ಕಿಲೋ ನೇರವಾಗಿ ಹೊರಹೋಗುವ ಗಾಳಿಗೆ ನುಗ್ಗಿದರೆ, 57 ಡಿಗ್ರಿಯ ಆ ಗಾಳಿ 55ರ ಸುಮಾರಿಗೆ ಇಳಿಯುತ್ತದೆ. ಆ ಓದನ್ನು ನೋಡಿದವರಿಗೆ ಚಕ್ರ ಬಿಸಿಗಾಳಿಯಿಂದ ಇನ್ನಷ್ಟು ಶಾಖ ಹೀರಿದಂತೆ ಕಾಣುತ್ತದೆ. ಸೋರುವ ಚಕ್ರಕ್ಕೆ ಹೊರಹೋಗುವ ಬದಿಯ ಓದಿನಿಂದ ಒಳ್ಳೆಯ ಅಂಕ ಸಿಗುವುದು ಹೀಗೆ. ಪರಿಣಾಮಕಾರಿತ್ವವನ್ನು ಯಾವಾಗಲೂ ತಾಜಾ ಗಾಳಿಯ ಬದಿಯಿಂದ ಲೆಕ್ಕ ಹಾಕಿ, ಇನ್ನೊಂದು ಬದಿಯನ್ನು ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳಿ.

ಧೂಳು ಮೂರನೆಯದು. 94 ಡಿಗ್ರಿ ನಿಜವಾದ ಸರಾಸರಿಯೇ ಆಗಿದ್ದು, ಹರಿವೂ ಸರಿಯಾಗಿದ್ದರೆ ಪರಿಣಾಮಕಾರಿತ್ವ 0.71. ಹಿಂದಕ್ಕೆ ಲೆಕ್ಕ ಹಾಕಿದರೆ ಎನ್‌ಟಿಯು 3.56ರಿಂದ 2.5ಕ್ಕೆ ಬಿದ್ದಿರಬೇಕು. ಗುಣಾಂಕ ವೇಗವನ್ನು ಅವಲಂಬಿಸದ್ದರಿಂದ ಎನ್‌ಟಿಯು ಇಳಿದ ಪ್ರಮಾಣದಲ್ಲೇ ಮೇಲ್ಮೈ ಕಳೆದುಹೋಗಿದೆ ಎಂದರ್ಥ: ಸುಮಾರು 29% ಕಿಂಡಿಗಳು ಕಟ್ಟಿಕೊಂಡಿವೆ. ಅಷ್ಟು ಕಟ್ಟಿಕೊಂಡರೆ ಅದೇ ಗಾಳಿ ಉಳಿದ ಕಿಂಡಿಗಳಲ್ಲಿ 1.4 ಪಟ್ಟು ವೇಗವಾಗಿ ಹೋಗಬೇಕು. ಪದರಹರಿವಿನಲ್ಲಿ ಒತ್ತಡದ ನಷ್ಟ ವೇಗಕ್ಕೆ ನೇರ ಅನುಪಾತದಲ್ಲಿರುವುದರಿಂದ ಅದೂ 1.4 ಪಟ್ಟು. ಸ್ವಚ್ಛ ಚಕ್ರದ ಬಿಸಿಗಾಳಿ ಬದಿಯಲ್ಲಿ ನನ್ನ ಲೆಕ್ಕಕ್ಕೆ 155 ಪ್ಯಾಸ್ಕಲ್ ಬರುತ್ತದೆ. ಮಾನೋಮೀಟರ್ 220ರ ಹತ್ತಿರ ತೋರಿಸಿದರೆ ಧೂಳೇ ಕಾರಣ. 160ರ ಆಸುಪಾಸು ಇದ್ದರೆ ಧೂಳಿನ ಮೇಲೆ ಅಪವಾದ ಹೊರಿಸಬೇಡಿ. ಫ್ಯಾನು ಸೋತು ಹರಿವೇ ಕಡಿಮೆಯಾಗಿದ್ದರೆ ಒತ್ತಡದ ಓದು ಮೋಸ ಮಾಡುತ್ತದೆ, ಅದಕ್ಕೇ ಹರಿವನ್ನು ಮೊದಲು ಅಳೆಯಲು ಹೇಳಿದ್ದು.

ಬೆಲ್ಟು ಜಾರುತ್ತಿರಬಹುದೇ? ಆ ಒಂದೇ ಕಾರಣದಿಂದ 94 ಬರಬೇಕಾದರೆ ಚಕ್ರ ನಿಮಿಷಕ್ಕೆ ಎರಡೂವರೆ ಸುತ್ತಿಗಿಂತ ಕೆಳಗಿಳಿದಿರಬೇಕು. ಅಂಚಿಗೆ ಸೀಮೆಸುಣ್ಣದ ಗೀಟೆಳೆದು ಗಡಿಯಾರ ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಮೋಟಾರಿನ ವೇಗ ನೋಡಿ ಸಮಾಧಾನಪಡಬೇಡಿ, ಬೆಲ್ಟು ಜಾರಿದಾಗ ಮೋಟಾರು ತನ್ನ ಪಾಡಿಗೆ ಸರಿಯಾಗಿಯೇ ತಿರುಗುತ್ತಿರುತ್ತದೆ.

ಇನ್ನು ವೇಗ ಹೆಚ್ಚಿಸುವ ವಿಚಾರ. ಕಿಂಡಿಗಳಲ್ಲಿ ಸಿಕ್ಕಿಕೊಂಡ ಗಾಳಿ ಚಕ್ರದ ಜೊತೆಗೇ ಬದಿ ದಾಟುತ್ತದೆ. ನಿಮ್ಮ ಒಡಲಿನಲ್ಲಿ 0.364 ಘನ ಮೀಟರ್ ಗಾಳಿಗೆ ಜಾಗವಿದೆ. ಹತ್ತು ಸುತ್ತಿಗೆ ಅದು ಸೆಕೆಂಡಿಗೆ 0.06 ಕಿಲೋ, ಅಂದರೆ ತಾಜಾ ಗಾಳಿಯ 2.2%. ಇಪ್ಪತ್ತು ಸುತ್ತು ಮಾಡಿದರೆ 4.4%. ಒಣಗಿಸುವ ಕೋಣೆಗೆ ಅದೆಲ್ಲ ಮರಳಿ ಹೋಗುವ ತೇವ. ಕಾಲು ಡಿಗ್ರಿಗಾಗಿ ಹೊರಹಾಕಿದ ತೇವದಲ್ಲಿ ಇನ್ನೆರಡು ಶೇಕಡಾ ವಾಪಸ್ ತರುವುದು ಜಾಣತನವಲ್ಲ. ಬೆಲ್ಟು, ಸೀಲುಗಳ ಸವೆತ ಬೇರೆ. ನಿಜ ಹೇಳಬೇಕೆಂದರೆ ನಿಮ್ಮ ಚಕ್ರವನ್ನು ಏಳೆಂಟು ಸುತ್ತಿಗೆ ಇಳಿಸಿದರೂ ನೀವು ಕಳೆದುಕೊಳ್ಳುವುದು ಅರ್ಧ ಡಿಗ್ರಿಗಿಂತ ಕಡಿಮೆ.

ತೇವದ ಮಾತು ಬಂದದ್ದರಿಂದ ಇನ್ನೊಂದು. ಹೊರಹೋಗುವ ಗಾಳಿ 57 ಡಿಗ್ರಿಯಲ್ಲಿದೆ, ಆದ್ದರಿಂದ ನೀರು ಕಟ್ಟುವುದಿಲ್ಲ ಎಂದು ಹಲವರು ಹೇಳುತ್ತಾರೆ. ಆ 57 ಸರಾಸರಿ. ನೀರು ಕಟ್ಟುವುದು ಗಾಳಿಯಲ್ಲಲ್ಲ, ಲೋಹದ ಮೇಲೆ. ತಂಪು ಮುಖದ ಲೋಹ ತಾಜಾ ಗಾಳಿಯ ತಾಪಕ್ಕೆ ಬಹಳ ಹತ್ತಿರ ಇಳಿದಿರುತ್ತದೆ. ನಿಮ್ಮ ಬಿಸಿಗಾಳಿಯ ಇಬ್ಬನಿ ಬಿಂದು, ಅಂದರೆ ಅದರ ತೇವ ನೀರಾಗತೊಡಗುವ ತಾಪ, 25 ಡಿಗ್ರಿ ಇದ್ದು, ತಾಜಾ ಗಾಳಿ 30ರಲ್ಲಿದ್ದರೆ ಲೋಹ ಅದಕ್ಕಿಂತ ಕೆಳಗಿಳಿಯಲು ಸಾಧ್ಯವೇ ಇಲ್ಲ, ನಿಶ್ಚಿಂತೆಯಿಂದಿರಿ. ಚಳಿಯಲ್ಲಿ ತಾಜಾ ಗಾಳಿ 12ಕ್ಕೆ ಬಂದರೆ ತಂಪು ಅಂಚಿನಲ್ಲಿ ತೇವ ಕೂತು, ಅದಕ್ಕೆ ಧೂಳು ಅಂಟಿ ಗಟ್ಟಿಯಾಗುತ್ತದೆ. ಕಿಂಡಿಗಳು ಕಟ್ಟಿಕೊಳ್ಳುವುದು ಸಾಮಾನ್ಯವಾಗಿ ಅಲ್ಲಿಂದಲೇ ಶುರು. ಮಾನೋಮೀಟರ್ 220 ತೋರಿಸಿದರೆ ಮೊದಲು ಟಾರ್ಚ್ ಹಿಡಿದು ನೋಡಬೇಕಾದದ್ದು ಆ ಮುಖವನ್ನು.

ನಾಳೆ ಬೆಳಿಗ್ಗೆ ಸೀಮೆಸುಣ್ಣದ ಗೀಟು, ಆಮೇಲೆ ಥರ್ಮೋಕಪಲ್ಲನ್ನು ಅಂಚಿನಿಂದ ಅಂಚಿಗೆ ಸರಿಸುವುದು. ಈ ಎರಡಕ್ಕೆ ಏನನ್ನೂ ಬಿಚ್ಚಬೇಕಾಗಿಲ್ಲ. ಸರಾಸರಿ 99ಕ್ಕೋ 100ಕ್ಕೋ ಬಂದರೆ ಪಿಟೋ ನಳಿಗೆಯ ಕೆಲಸವನ್ನು ಮುಂದಕ್ಕೆ ಹಾಕಬಹುದು, ಥರ್ಮಾಮೀಟರಿನ ತೂತನ್ನು ಮಾತ್ರ ತಿರುವಿನ ಆಚೆಗೆ ಸರಿಸಿ. ಸರಾಸರಿಯೂ 94ರಲ್ಲೇ ನಿಂತರೆ ಬಿಸಿಗಾಳಿಯ ಫ್ಯಾನು ಚಕ್ರದ ಯಾವ ಬದಿಯಲ್ಲಿದೆ, ಎರಡೂ ನಾಳದ ಅಳೆದ ಹರಿವು ಎಷ್ಟು, ಒತ್ತಡದ ನಷ್ಟ ಎಷ್ಟು ಎಂಬ ಮೂರು ವಿವರಗಳನ್ನು ಕಳುಹಿಸಿ.